ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್: ಮಲ್ಪೆಯ ಒಂದು ಬುಲೆಟ್ 350ರ ರಿಪೇರಿ

ಗಾಡಿ 1998ರ ಬುಲೆಟ್ ಸ್ಟ್ಯಾಂಡರ್ಡ್ 350. ಹಳೆಯ ಎರಕದ ಕಬ್ಬಿಣದ ಎಂಜಿನ್, ಬಲಗಾಲಿನ ನಾಲ್ಕು ಗಿಯರ್, ಪಾಯಿಂಟ್ ಇರುವ ಇಗ್ನಿಷನ್, ಮಿಕ್‌ಕಾರ್ಬ್ ಕಾರ್ಬುರೇಟರ್. ಇರುವುದು ಮಲ್ಪೆಯಲ್ಲಿ, ಕಡಲಿನ ಗಾಳಿ ನೇರ ಬಡಿಯುವ ಶೆಡ್ಡಿನಲ್ಲಿ. ಓಡಾಟ ಹೆಚ್ಚಾಗಿ ಉಡುಪಿ ಪೇಟೆಗೆ ಹೋಗಿ ಬರುವಷ್ಟೇ. ದೂರು ಒಂದೇ: ಎಳೆಯುವಾಗ ಚೆನ್ನಾಗಿ ಎಳೆಯುತ್ತದೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರಿನಲ್ಲಿ ಪಟಾಕಿ.

ಪರೀಕ್ಷೆಗೆ ಆರಿಸಿಕೊಂಡದ್ದು ಮಣಿಪಾಲದ ಟೈಗರ್ ಸರ್ಕಲ್‌ನಿಂದ ಇಂದ್ರಾಳಿ ಕಡೆಗೆ ಇಳಿಯುವ ರಸ್ತೆ. ಬೆಳಿಗ್ಗೆ ವಾಹನ ಕಡಿಮೆ ಇರುವಾಗ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಮೂರನೇ ಗಿಯರಿನಲ್ಲಿ 45 ಕಿ.ಮೀ. ವೇಗಕ್ಕೆ ತಂದು ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಕ್ಲಚ್ ಹಿಡಿಯದೆ, 25 ಕಿ.ಮೀ.ಗೆ ಇಳಿಯುವವರೆಗೆ ಎಷ್ಟು ಸದ್ದು ಎಂದು ಎಣಿಸುವುದು. ಪ್ರತಿ ಸಲ ಅದೇ ಜಾಗ, ಅದೇ ಗಿಯರ್, ಅದೇ ವೇಗ. ಹೀಗೆ ಎಣಿಸದೆ "ಸ್ವಲ್ಪ ಕಡಿಮೆ ಆದ ಹಾಗೆ ಕಾಣುತ್ತದೆ" ಎಂದು ಹೊರಟರೆ ಯಾವ ಕೆಲಸದಿಂದ ಏನಾಯಿತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಮೊದಲ ಇಳಿತದಲ್ಲಿ ಎಣಿಕೆ ಇಪ್ಪತ್ತು ದಾಟಿ ಮುಂದೆ ಲೆಕ್ಕ ಸಿಗಲಿಲ್ಲ. ನಡುವೆ ಎರಡು ಸಲ ದೊಡ್ಡದಾಗಿ "ಢಬ್" ಎಂದಿತು.

ಸದ್ದು ಹುಟ್ಟುವುದು ಹೇಗೆ

ಆಕ್ಸಿಲರೇಟರ್ ಬಿಟ್ಟಾಗ ಕಾರ್ಬುರೇಟರಿನ ಸ್ಲೈಡ್ ಮುಚ್ಚುತ್ತದೆ, ಆದರೆ ಚಕ್ರ ಎಂಜಿನನ್ನು ತಿರುಗಿಸುತ್ತಲೇ ಇರುತ್ತದೆ. ಸಿಲಿಂಡರಿಗೆ ಬರುವ ಹೊಸ ಮಿಶ್ರಣ ತೀರಾ ಕಡಿಮೆ, ಹಿಂದಿನ ಸುತ್ತಿನ ಸುಟ್ಟ ಹೊಗೆಯೇ ಒಳಗೆ ಹೆಚ್ಚು. ಹೀಗೆ ಕಲಬೆರಕೆಯಾದ ಮಿಶ್ರಣಕ್ಕೆ ಕಿಡಿ ತಾಗಿದರೂ ಕೆಲವು ಸುತ್ತು ಹತ್ತುವುದೇ ಇಲ್ಲ, ಕೆಲವು ಸುತ್ತು ನಿಧಾನವಾಗಿ ಉರಿಯುತ್ತದೆ. ಹತ್ತದೆ ಉಳಿದ ಪೆಟ್ರೋಲ್ ಆವಿ ಹಾಗೆಯೇ ಬೆಂಡ್ ಪೈಪಿಗೆ ಹೋಗುತ್ತದೆ. ಮುಂದಿನ ಯಾವುದೋ ಸುತ್ತಿನಲ್ಲಿ ಇನ್ನೂ ಉರಿಯುತ್ತಿರುವ ಗ್ಯಾಸ್ ಹೊರಗೆ ಬಂದು ಆ ಆವಿಗೆ ಬೆಂಕಿ ಕೊಡುತ್ತದೆ.

ಬೆಂಕಿಗೆ ಆಮ್ಲಜನಕ ಬೇಕು. ಪೈಪು ಭದ್ರವಾಗಿದ್ದರೆ ಒಳಗೆ ಅದು ಹೆಚ್ಚು ಇರುವುದಿಲ್ಲ, ಸದ್ದು ಸಣ್ಣದರಲ್ಲೇ ಮುಗಿಯುತ್ತದೆ. ಪೈಪಿನ ಜಾಯಿಂಟ್ ಸೋರುತ್ತಿದ್ದರೆ ಕಥೆ ಬೇರೆ. ಸೈಲೆನ್ಸರಿನಲ್ಲಿ ಗ್ಯಾಸ್ ಯಾವಾಗಲೂ ಹೊರಕ್ಕೇ ಒತ್ತುತ್ತದೆ, ಸಣ್ಣ ಸಂದಿನಿಂದ ಹೊಗೆ ಹೊರಗೆ ಬರಬಹುದೇ ಹೊರತು ಗಾಳಿ ಒಳಗೆ ಹೋಗದು ಎಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಪೈಪಿನಲ್ಲಿ ಒತ್ತಡ ಅಲೆ ಅಲೆಯಾಗಿ ಬರುತ್ತದೆ, ಒಂದು ಅಲೆಯ ಹಿಂದೆ ಹೀರುವ ಗಳಿಗೆ ಇದ್ದೇ ಇದೆ. ಆಕ್ಸಿಲರೇಟರ್ ಬಿಟ್ಟಾಗ ಇದು ಇನ್ನೂ ಜೋರು: ಸಿಲಿಂಡರಿನಲ್ಲಿ ಗ್ಯಾಸ್ ಕಡಿಮೆ ಇರುವುದರಿಂದ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತಲೂ ಕೆಳಗಿರಬಹುದು. ಆಗ ಪೈಪಿನ ಗ್ಯಾಸ್ ಹಿಂದಕ್ಕೆ ಸಿಲಿಂಡರಿನ ಕಡೆ ನುಗ್ಗುತ್ತದೆ, ಅದರ ಜತೆ ಸಂದಿನಿಂದ ಹೊಸ ಗಾಳಿಯೂ ಒಳಗೆ ಎಳೆಯಲ್ಪಡುತ್ತದೆ. ಹೆಡ್ಡಿನ ಹತ್ತಿರದ ಸಂದು ಸಣ್ಣದಾದರೂ ತೊಂದರೆ ದೊಡ್ಡದು, ಏಕೆಂದರೆ ಅಲ್ಲಿ ಗ್ಯಾಸ್ ಅತಿ ಬಿಸಿ.

ಇಷ್ಟು ತಿಳಿದರೆ ಕಾರಣಗಳ ಪಟ್ಟಿ ತಾನಾಗಿ ಬರುತ್ತದೆ. ಎಕ್ಸಾಸ್ಟಿಗೆ ಹೊರಗಿನ ಗಾಳಿ ಸೇರುವುದು ಒಂದು. ಇನ್‌ಟೇಕಿನಲ್ಲಿ ಗಾಳಿ ಸೇರಿ ಮಿಶ್ರಣ ತೆಳುವಾಗಿ ಹತ್ತದೆ ಇರುವುದು ಎರಡು. ಕಿಡಿ ತಡವಾಗಿ ಅಥವಾ ಸೊರಗಿ ಬಂದು, ವಾಲ್ವ್ ತೆರೆಯುವಾಗಲೂ ಉರಿ ಮುಗಿಯದೆ ಇರುವುದು ಮೂರು. ಆಕ್ಸಿಲರೇಟರ್ ಮುಚ್ಚಿದಾಗ ಪೆಟ್ರೋಲ್ ಕೊಡುವ ಕಾರ್ಬುರೇಟರಿನ ಪೈಲಟ್ ಸರ್ಕ್ಯೂಟ್ ತಪ್ಪಾಗಿರುವುದು ನಾಲ್ಕು. ಕೆಲಸವನ್ನೂ ಇದೇ ಕ್ರಮದಲ್ಲಿ ಮಾಡಬೇಕು, ಕಾರ್ಬುರೇಟರಿನ ಸ್ಕ್ರೂಗೆ ಕೊನೆಗೆ ಕೈ ಹಾಕಬೇಕು. ಈ ಗಾಡಿಯಲ್ಲಿ ಹಿಂದೆ ನಡೆದದ್ದು ತಲೆಕೆಳಗು.

ಬಂದಾಗ ಇದ್ದ ಸ್ಥಿತಿ

ಪ್ಲಗ್ ಬಿಚ್ಚಿದರೆ ಒಣ ಮಸಿ, ಕಾಡಿಗೆ ಹಚ್ಚಿದಷ್ಟು ಕಪ್ಪು. ಕಾರ್ಬುರೇಟರಿನಲ್ಲಿ ಪೈಲಟ್ ಜೆಟ್ 30 ನಂಬರಿನದು, ಏರ್ ಸ್ಕ್ರೂ ಕಾಲು ಸುತ್ತು ಮಾತ್ರ ಹೊರಗೆ. ಈ ಗಾಡಿಯ ಹಳೆಯ ಪೈಲಟ್ ಜೆಟ್ 25 ನಂಬರಿನದು, ಅದು ಟೂಲ್ ಬಾಕ್ಸಿನಲ್ಲೇ ಸಿಕ್ಕಿತು. ಮೊದಲು ನೋಡಿದ ಕಡೆ "ಮಿಶ್ರಣ ಲೀನ್ ಆಗಿದೆ" ಎಂದು ದೊಡ್ಡ ಜೆಟ್ ಹಾಕಿ, ಸ್ಕ್ರೂ ಒಳಗೆ ತಿರುಗಿಸಿ ಕಳಿಸಿದ್ದಾರೆ. ಆ ಬಳಿಕ ಸದ್ದು ಕಡಿಮೆಯಾಗುವ ಬದಲು ಹೆಚ್ಚಾಗಿದೆ, ಮೈಲೇಜ್ ಬಿದ್ದಿದೆ.

ಕಪ್ಪು ಪ್ಲಗ್ ಮತ್ತು ಪಟಾಕಿ ಒಟ್ಟಿಗೆ ಕಂಡರೆ ಅದೇ ದೊಡ್ಡ ಸುಳಿವು. ಮಿಶ್ರಣ ತೆಳುವಾಗಿ ಸದ್ದು ಬರುತ್ತಿದ್ದರೆ ಪ್ಲಗ್ ಬಿಳಿಚಿಕೊಂಡಿರಬೇಕು. ಪ್ಲಗ್ ಕಪ್ಪಗಿದ್ದೂ ಸದ್ದು ಬರುತ್ತಿದೆ ಎಂದರೆ ಪೆಟ್ರೋಲ್ ಬೇಕಾದಷ್ಟು ಹೋಗುತ್ತಿದೆ, ಅದು ಸಿಲಿಂಡರಿನಲ್ಲಿ ಉರಿಯದೆ ಪೈಪಿಗೆ ಹೋಗುತ್ತಿದೆ, ಪೈಪಿನಲ್ಲಿ ಅದಕ್ಕೆ ಗಾಳಿ ಸಿಗುತ್ತಿದೆ. ಇಂಥ ಗಾಡಿಗೆ ಇನ್ನೂ ಪೆಟ್ರೋಲ್ ಕೊಟ್ಟರೆ ಪಟಾಕಿಗೆ ಮದ್ದು ತುಂಬಿದ ಹಾಗೆ.

ಸದ್ದಿನ ಬಗೆಯೂ ಮಾತಾಡುತ್ತದೆ. ಇಳಿಜಾರಿನ ಉದ್ದಕ್ಕೂ ಸಣ್ಣದಾಗಿ ಪಟಪಟ ಎಂದರೆ ಗಾಳಿ ಅಥವಾ ಮಿಶ್ರಣದ ಕಡೆ ನೋಡಬೇಕು. ಎಲ್ಲೋ ಒಮ್ಮೆ ಬಂದೂಕು ಹೊಡೆದಂತೆ ಢಬ್ ಎಂದರೆ ಕಿಡಿ ಕ್ಷಣಕಾಲ ಪೂರ್ತಿ ತಪ್ಪಿ ಮತ್ತೆ ಬಂದಿದೆ, ಅಂದರೆ ಪಾಯಿಂಟ್, ಕಂಡೆನ್ಸರ್, ಇಗ್ನಿಷನ್ ಕೀಯ ಸಡಿಲ ವಯರು. ಒಂದೇ ವೇಗದಲ್ಲಿ ಎಳೆಯುವಾಗಲೂ ಸದ್ದು ಬಂದರೆ ಟೈಮಿಂಗ್ ಅಥವಾ ಎಕ್ಸಾಸ್ಟ್ ವಾಲ್ವ್. ಸದ್ದು ಹಿಂದಿನಿಂದಲ್ಲ, ಕಾರ್ಬುರೇಟರಿನ ಬಾಯಿಂದ ಉಗುಳಿದಂತೆ ಬಂದರೆ ಅದು ಬೇರೆಯೇ ರೋಗ, ಈ ಬರಹದ್ದಲ್ಲ. ಈ ಗಾಡಿಯಲ್ಲಿ ಮೊದಲ ಎರಡೂ ಇದ್ದವು.

ಎಕ್ಸಾಸ್ಟಿನ ಸೋರಿಕೆ

ಹಳೆಯ ಬುಲೆಟ್ಟಿನ ಬೆಂಡ್ ಪೈಪಿಗೆ ಹೆಡ್ಡಿನಲ್ಲಿ ಫ್ಲಾಂಜ್ ಇಲ್ಲ, ನಟ್ಟೂ ಇಲ್ಲ. ಪೈಪನ್ನು ಹೆಡ್ಡಿನ ಬಾಯಿಗೆ ಬಡಿದು ಕೂರಿಸುವುದಷ್ಟೆ, ಹಿಡಿದಿಡುವುದು ಕೆಳಗಿನ ಬ್ರಾಕೆಟ್. ವರ್ಷಗಳ ಅದುರುವಿಕೆಯಲ್ಲಿ ಆ ಬಾಯಿ ಸವೆದು ಅಗಲವಾಗುತ್ತದೆ. ಎರಡನೇ ಜಾಗ ಬೆಂಡ್ ಪೈಪು ಸೈಲೆನ್ಸರಿಗೆ ಸೇರುವ ಕ್ಲ್ಯಾಂಪ್. ಮೂರನೆಯದು ಸೈಲೆನ್ಸರಿನ ಹೊಟ್ಟೆಯ ಕೆಳಭಾಗ.

ಮೂರನೆಯದು ಕರಾವಳಿಯ ಗಾಡಿಗಳಲ್ಲಿ ಬೇಗ ಕೆಡುತ್ತದೆ. ಹೊರಗಿನಿಂದ ಉಪ್ಪುಗಾಳಿ ತಿನ್ನುವುದು ಎಲ್ಲರಿಗೂ ಗೊತ್ತು. ಒಳಗಿನಿಂದ ತಿನ್ನುವುದು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ದೂರ ಓಡಿದರೆ ಸೈಲೆನ್ಸರ್ ಕಾದು ಅದು ಆವಿಯಾಗಿಯೇ ಹೋಗುತ್ತದೆ. ಮಲ್ಪೆಯಿಂದ ಉಡುಪಿಗೆ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಸೈಲೆನ್ಸರಿನ ಹಿಂಭಾಗ ಕಾಯುವುದೇ ಇಲ್ಲ, ನೀರು ಅಲ್ಲೇ ನಿಲ್ಲುತ್ತದೆ, ಒಳಗಿನಿಂದ ತುಕ್ಕು ಹಿಡಿದು ಕ್ರೋಮಿನ ಅಡಿಯಲ್ಲಿ ಸೂಜಿತೂತು ಬೀಳುತ್ತದೆ. ಆ ನೀರು ಇಳಿಯಲೆಂದೇ ಕಂಪೆನಿಯವರು ಸೈಲೆನ್ಸರಿನ ಕೆಳಗೆ ಇಟ್ಟ ಸಣ್ಣ ತೂತು ಇದ್ದರೆ ಅದನ್ನು ಸೋರಿಕೆ ಎಂದು ತಿಳಿದು ಮುಚ್ಚಬಾರದು. ಅಂಚು ದುಂಡಗೆ ನಯವಾಗಿದ್ದರೆ ಕಂಪೆನಿಯ ತೂತು, ಅಂಚು ಒರಟಾಗಿ ತಗಡು ತೆಳುವಾಗಿದ್ದರೆ ತುಕ್ಕಿನದು.

ಸೋರಿಕೆ ಹುಡುಕಲು ಎಂಜಿನ್ ತಣ್ಣಗಿರಬೇಕು. ಪ್ಲಗ್ ತೆಗೆದು, ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಗೆ ಪಿಸ್ಟನ್ ತಂದು ನಿಲ್ಲಿಸಬೇಕು, ಆಗ ಎಕ್ಸಾಸ್ಟ್ ವಾಲ್ವ್ ಮುಚ್ಚಿರುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಪೈಪನ್ನು ಗಾಳಿ ಊದುವ ಬದಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸೈಲೆನ್ಸರಿನ ಬಾಯಿಗೆ ಒದ್ದೆ ಬಟ್ಟೆ ಸುತ್ತಿ ಹಿಡಿದು ಊದಬೇಕು. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕದಡಿ ಬ್ರಷ್ಷಿನಿಂದ ಜಾಯಿಂಟುಗಳಿಗೆ ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಕೈ ಹಿಡಿದು ನೋಡುವುದಕ್ಕಿಂತ ಇದು ಎಷ್ಟೋ ಖಚಿತ, ಕೈ ಸುಡುವುದೂ ಇಲ್ಲ.

ಈ ಗಾಡಿಯಲ್ಲಿ ಹೆಡ್ಡಿನ ಬಾಯಿಯ ಸುತ್ತ ಗುಳ್ಳೆ ಎದ್ದಿತು, ಕ್ಲ್ಯಾಂಪಿನ ಒಂದು ಬದಿಯಲ್ಲಿ ಎದ್ದಿತು, ಸೈಲೆನ್ಸರಿನ ಅಡಿಯಲ್ಲಿ ಎರಡು ಕಡೆ ಸೂಜಿತೂತಿನಿಂದ ಎದ್ದಿತು. ಹೆಡ್ಡಿನ ಬಾಯಲ್ಲಿ ಪೈಪನ್ನು ಒಂದು ಬದಿಗೆ ಒತ್ತಿ ಹಿಡಿದರೆ ಎದುರು ಬದಿಯಲ್ಲಿ 0.40 ಮಿ.ಮೀ. ಫಿಲ್ಲರ್ ಗೇಜ್ ಹೋಯಿತು. ಅಂದರೆ ನಡುವೆ ಕೂರಿಸಿದರೆ ಸುತ್ತಲೂ 0.20 ಮಿ.ಮೀ. ಸಂದು.

ಅದಕ್ಕೆ 0.20 ಮಿ.ಮೀ. ದಪ್ಪದ ತಾಮ್ರದ ತಗಡಿನಿಂದ 15 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಪೈಪಿನ ತುದಿಗೆ ಒಂದೇ ಸುತ್ತು ಸುತ್ತಲಾಯಿತು. ಪಟ್ಟಿಯ ಎರಡು ತುದಿ ಒಂದಕ್ಕೊಂದು ತಾಗಿ ನಿಲ್ಲಬೇಕು, ಒಂದರ ಮೇಲೊಂದು ಏರಬಾರದು, ಏರಿದರೆ ಅಲ್ಲೇ ಹೊಸ ಸಂದು. ಹೆಡ್ಡಿನ ಬಾಯಿಯ ಹಳೆಯ ಮಸಿಯನ್ನು ಕೆರೆದು, ಎಮರಿ ಪೇಪರಿನಲ್ಲಿ ಉಜ್ಜಿ, ಎಕ್ಸಾಸ್ಟ್ ಪೇಸ್ಟ್ ತೆಳುವಾಗಿ ಹಚ್ಚಿ ಮರದ ಕೊಡತಿಯಿಂದ ಪೈಪು ಬಡಿದು ಕೂರಿಸಬೇಕು. ಸಾಮಾನ್ಯ ಸಿಲಿಕಾನ್ ಗ್ಯಾಸ್ಕೆಟ್ ಇಲ್ಲಿ ನಿಲ್ಲುವುದಿಲ್ಲ, ನಾಲ್ಕು ದಿನದಲ್ಲಿ ಸುಟ್ಟು ಪುಡಿಯಾಗುತ್ತದೆ. ಕಾರ್ಬುರೇಟರ್ ಕಡೆಗೆ ಅದು ಸರಿ, ಹೆಡ್ಡಿನ ಎಕ್ಸಾಸ್ಟ್ ಬಾಯಿಗೆ ಅಲ್ಲ.

ಸೂಜಿತೂತಿಗೆ ಎಂ-ಸೀಲ್‌ನಂಥ ಮೆತ್ತು ಹಾಕುವವರಿದ್ದಾರೆ, ಬಿಸಿಗೆ ಕಳಚುತ್ತದೆ. ಆರ್ಕ್ ವೆಲ್ಡಿಂಗ್ ಹಿಡಿಸಿದರೆ ತುಕ್ಕು ತಿಂದ ತೆಳು ತಗಡು ಕರಗಿ ತೂತು ದೊಡ್ಡದಾಗುತ್ತದೆ. ಗಟ್ಟಿ ತಗಡು ಸಿಗುವವರೆಗೆ ಸುತ್ತಲೂ ಉಜ್ಜಿ, 1.2 ಮಿ.ಮೀ. ತಗಡಿನ ತೇಪೆ ಇಟ್ಟು ಹಿತ್ತಾಳೆ ಬ್ರೇಜಿಂಗ್ ಮಾಡಿಸಿದ್ದು ನಿಂತಿತು. ಉಗುರಿನಿಂದ ಬಡಿದರೆ ಹೊಟ್ಟೆಯೆಲ್ಲ ಟೊಳ್ಳು ಸದ್ದು ಮಾಡುವಷ್ಟು ತೆಳುವಾಗಿದ್ದರೆ ತೇಪೆಗೆ ಹಣ ಹಾಕದೆ ಹೊಸ ಸೈಲೆನ್ಸರ್ ಹಾಕುವುದೇ ಲೇಸು.

ಕೂರಿಸುವ ಕ್ರಮ ಮುಖ್ಯ. ಹೆಡ್, ಬ್ರಾಕೆಟ್, ಕ್ಲ್ಯಾಂಪ್, ಹಿಂದಿನ ಬೋಲ್ಟ್ ಎಲ್ಲವನ್ನೂ ಮೊದಲು ಸಡಿಲವಾಗಿ ಹಾಕಿ, ಆಮೇಲೆ ಹೆಡ್ಡಿನ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯಬೇಕು. ಹಿಂದಿನ ಬೋಲ್ಟ್ ಮೊದಲು ಬಿಗಿದರೆ ಪೈಪು ಓರೆಯಾಗಿ ಎಳೆದು ಹೆಡ್ಡಿನ ಬಾಯಿ ಮತ್ತೆ ತೆರೆದುಕೊಳ್ಳುತ್ತದೆ. ಪೇಸ್ಟ್ ಗಟ್ಟಿಯಾಗಲು ಹತ್ತು ನಿಮಿಷ ಐಡ್ಲಿಂಗಿನಲ್ಲಿ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಕ್ಲ್ಯಾಂಪ್ ಇನ್ನೊಮ್ಮೆ ಬಿಗಿಯಲಾಯಿತು.

ಇಂದ್ರಾಳಿ ಇಳಿಜಾರಿನಲ್ಲಿ ಎಣಿಕೆ ಒಂಬತ್ತಕ್ಕೆ ಇಳಿಯಿತು. ಕಾರ್ಬುರೇಟರನ್ನು ಇನ್ನೂ ಮುಟ್ಟಿಲ್ಲ. ಆದರೆ ಢಬ್ ಎಂಬುದು ಒಮ್ಮೆ ಬಂತು.

ಇನ್‌ಟೇಕಿನ ಗಾಳಿ

ಈ ಕಾರ್ಬುರೇಟರ್ ಎರಡು ನಟ್ಟಿನಲ್ಲಿ ಹೆಡ್ಡಿಗೆ ಕೂರುತ್ತದೆ. ನಟ್ಟನ್ನು ಅತಿಯಾಗಿ ಬಿಗಿದರೆ ಫ್ಲಾಂಜಿನ ಎರಡು ಕಿವಿ ಹೆಡ್ಡಿನ ಕಡೆ ಬಾಗುತ್ತವೆ, ನಡುಭಾಗ ಬಿಲ್ಲಿನಂತೆ ಏಳುತ್ತದೆ. ಸೋರಿತು ಎಂದು ಇನ್ನೂ ಬಿಗಿದರೆ ಇನ್ನೂ ಬಾಗುತ್ತದೆ.

ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಫ್ಲಾಂಜಿನ ಸುತ್ತ ಸಣ್ಣಗೆ ನೀರು ಸಿಂಪಡಿಸಬೇಕು. ನೀರು ಸಂದನ್ನು ಕ್ಷಣಕಾಲ ಮುಚ್ಚುತ್ತದೆ, ಐಡ್ಲಿಂಗ್ ಬದಲಾಗುತ್ತದೆ. ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಸಿಂಪಡಿಸಿಯೂ ನೋಡುತ್ತಾರೆ, ಬಿಸಿ ಎಂಜಿನಿನ ಪಕ್ಕ ಅದು ಬೇಡ, ನೀರು ಇದೇ ಕೆಲಸ ಮಾಡುತ್ತದೆ. ಪ್ಲಗ್ ಕ್ಯಾಪಿಗೆ ನೀರು ತಾಗಬಾರದು, ತಾಗಿದರೆ ಕಿಡಿ ತಪ್ಪಿ ಸುಳ್ಳು ಉತ್ತರ ಬರುತ್ತದೆ.

ಇಲ್ಲಿ ಬಲಬದಿಗೆ ಸಿಂಪಡಿಸಿದಾಗ ಎಂಜಿನ್ ತಡವರಿಸಿತು. ಬಿಚ್ಚಿ ಫ್ಲಾಂಜಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟರೆ ಕಿವಿಯ ಹತ್ತಿರ ಸ್ಕೇಲ್ ತಾಗಿತು, ನಡುವೆ 0.15 ಮಿ.ಮೀ. ಗೇಜ್ ನುಸುಳಿತು. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಇಟ್ಟು, ಫ್ಲಾಂಜನ್ನು ಎಂಟರ ಆಕಾರದಲ್ಲಿ ಉಜ್ಜಿ, ಮುಖ ಎಲ್ಲೆಡೆ ಒಂದೇ ಬಣ್ಣಕ್ಕೆ ಬಂದ ಮೇಲೆ ಹೊಸ ಪ್ಯಾಕಿಂಗ್ ಹಾಕಲಾಯಿತು. ಉಜ್ಜುವ ಮೊದಲು ಜೆಟ್, ಸ್ಲೈಡ್, ಫ್ಲೋಟ್ ಎಲ್ಲ ಬಿಚ್ಚಿಡಬೇಕು, ಆಮೇಲೆ ತೊಳೆದು ಗಾಳಿ ಹೊಡೆಯಬೇಕು, ಪುಡಿ ಒಂದು ಕಣ ಪೈಲಟ್ ದಾರಿಗೆ ಹೊಕ್ಕರೆ ಕೆಲಸ ಮತ್ತೆ ಮೊದಲಿನಿಂದ. ನಟ್ಟುಗಳನ್ನು ಚಿಕ್ಕ ಪಾನದಲ್ಲಿ ಅರ್ಧರ್ಧ ಸುತ್ತಿನಂತೆ ಎರಡೂ ಬದಿ ಸಮನಾಗಿ ಬಿಗಿದು, ಸ್ಪ್ರಿಂಗ್ ವಾಷರ್ ಚಪ್ಪಟೆಯಾದಲ್ಲಿಗೆ ನಿಲ್ಲಿಸಬೇಕು.

ಸ್ಲೈಡ್ ಸವೆದಿದ್ದರೆ ಅದರ ಪಕ್ಕದಿಂದಲೂ ಗಾಳಿ ನುಸುಳುತ್ತದೆ, ಇದಕ್ಕೆ ಪ್ಯಾಕಿಂಗಿನ ಮದ್ದಿಲ್ಲ. ಸ್ಲೈಡನ್ನು ಮುಚ್ಚಿದ ಸ್ಥಿತಿಯಲ್ಲಿ ಬೆರಳಿನಿಂದ ಅಲುಗಿಸಿದರೆ ಗಡಗಡ ಆಡುತ್ತದೆ, ಐಡ್ಲಿಂಗ್ ಒಂದು ಕಡೆ ನಿಲ್ಲುವುದಿಲ್ಲ. ಈ ಗಾಡಿಯದು ಬಳಕೆಗೆ ಸಾಕಷ್ಟು ಬಿಗಿ ಇತ್ತು.

ಮರುಪರೀಕ್ಷೆಯಲ್ಲಿ ಎಣಿಕೆ ಏಳು. ಇಳಿದದ್ದು ಎರಡೇ, ಏಕೆಂದರೆ ಮಿಶ್ರಣ ಈಗಾಗಲೇ ಅತಿ ದಪ್ಪ, ಈ ಗಾಳಿ ನಿಂತದ್ದರಿಂದ ಅದು ಇನ್ನಷ್ಟು ದಪ್ಪವಾಯಿತು. ಆದರೂ ಜೆಟ್ ಬದಲಿಸುವ ಮೊದಲು ಕಿಡಿಯನ್ನು ಸರಿಮಾಡಬೇಕು. ತಡವಾದ ಕಿಡಿಗೆ ಹೊಂದಿಸಿದ ಮಿಶ್ರಣ, ಕಿಡಿ ಸರಿಯಾದ ಮೇಲೆ ಮತ್ತೆ ತಪ್ಪಾಗುತ್ತದೆ.

ಪಾಯಿಂಟ್ ಮತ್ತು ಟೈಮಿಂಗ್

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಇಲ್ಲಿ 0.20 ಇತ್ತು. ಪಾಯಿಂಟಿನ ಫೈಬರ್ ಕಾಲು ಕ್ಯಾಮಿನ ಮೇಲೆ ಉಜ್ಜುತ್ತಾ ಸವೆಯುತ್ತದೆ, ಗ್ರೀಸ್ ಒಣಗಿ ಕ್ಯಾಮಿಗೆ ತುಕ್ಕಿನ ಪುಡಿ ಹಿಡಿದರೆ ಬೇಗ ಸವೆಯುತ್ತದೆ. ಕಾಲು ಸವೆದರೆ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದರೆ ಪಾಯಿಂಟ್ ತೆರೆಯುವುದು ತಡವಾಗುತ್ತದೆ. ಕಿಡಿ ಹುಟ್ಟುವುದು ಪಾಯಿಂಟ್ ತೆರೆಯುವ ಕ್ಷಣದಲ್ಲಿ, ಹಾಗಾಗಿ ಪಾಯಿಂಟ್ ಕೂರಿಸಿದ ಪ್ಲೇಟನ್ನು ಯಾರೂ ಮುಟ್ಟದಿದ್ದರೂ ಟೈಮಿಂಗ್ ತಾನಾಗಿ ಹಿಂದೆ ಬೀಳುತ್ತದೆ. ಪಟಾಕಿ ನಿಧಾನವಾಗಿ, ತಿಂಗಳುಗಳ ಅವಧಿಯಲ್ಲಿ ಹೆಚ್ಚಾಗುತ್ತಾ ಬಂದ ಗಾಡಿಗಳಲ್ಲಿ ಮೊದಲು ಈ ಗ್ಯಾಪ್ ಅಳೆಯುವುದು ವಾಸಿ. ಆದ್ದರಿಂದಲೇ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಉಲ್ಟಾ ಮಾಡಿದರೆ ಗ್ಯಾಪ್ ಸರಿಪಡಿಸುವಾಗ ಟೈಮಿಂಗ್ ಮತ್ತೆ ಕದಲುತ್ತದೆ.

ಟೈಮಿಂಗಿನ ಅಳತೆ: ಕಂಪ್ರೆಷನ್ ಸ್ಟ್ರೋಕಿನಲ್ಲಿ, ಪಿಸ್ಟನ್ ಮೇಲ್ತುದಿ ಮುಟ್ಟಲು 0.8 ಮಿ.ಮೀ. ಬಾಕಿ ಇರುವಾಗ, ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದೆ ತರುವ ಆಟೋ ಅಡ್ವಾನ್ಸ್ ಪೂರ್ತಿ ಹಿಂದಿನ ಸ್ಥಿತಿಯಲ್ಲಿ ಇರುವಾಗ, ಪಾಯಿಂಟ್ ತೆರೆಯತೊಡಗಬೇಕು. 90 ಮಿ.ಮೀ. ಸ್ಟ್ರೋಕಿನ ಈ ಎಂಜಿನಿನಲ್ಲಿ ಅದು ಕ್ರ್ಯಾಂಕಿನ ಸುಮಾರು 10 ಡಿಗ್ರಿ. ಮೇಲ್ತುದಿಯ ಹತ್ತಿರ ಪಿಸ್ಟನ್ ತೀರಾ ನಿಧಾನ ಚಲಿಸುವುದರಿಂದ ಅಳತೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ನಾಲ್ಕು ಡಿಗ್ರಿ ತಪ್ಪಿದ ಹಾಗೆ. ಸೈಕಲ್ ಕಡ್ಡಿ ಇಳಿಸಿ ಕಣ್ಣಳತೆಯಲ್ಲಿ ಮಾಡುವ ಕೆಲಸ ಇದಲ್ಲ, ಪ್ಲಗ್ ತೂತಿಗೆ ಕೂರುವ ಡಯಲ್ ಗೇಜ್ ಬೇಕು.

ಮೇಲ್ತುದಿಯಲ್ಲಿ ಗೇಜಿನ ಮುಳ್ಳು ಕೆಲವು ಡಿಗ್ರಿ ಹೊತ್ತು ಕದಲುವುದೇ ಇಲ್ಲ, ಮುಳ್ಳು ತಿರುಗುವ ಜಾಗವನ್ನೇ ಸೊನ್ನೆ ಮಾಡಿಕೊಳ್ಳಬೇಕು. ಆಮೇಲೆ ಎಂಜಿನನ್ನು ಹಿಂದಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ತಿರುಗಿಸಿ, ಮತ್ತೆ ಮುಂದಕ್ಕೆ ತಂದು 0.8ರಲ್ಲಿ ನಿಲ್ಲಿಸಬೇಕು. ಹಿಂದಕ್ಕೆ ತಿರುಗಿಸುತ್ತಲೇ 0.8ರಲ್ಲಿ ನಿಲ್ಲಿಸಿದರೆ ಟೈಮಿಂಗ್ ಗಿಯರುಗಳ ಹಲ್ಲಿನ ಆಟ ಅಳತೆಗೆ ಸೇರಿಕೊಳ್ಳುತ್ತದೆ.

ಪಾಯಿಂಟ್ ತೆರೆಯುವ ಕ್ಷಣ ತಿಳಿಯಲು ಸಣ್ಣ 12 ವೋಲ್ಟ್ ಇಂಡಿಕೇಟರ್ ಬಲ್ಬ್ ಸಾಕು. ಒಂದು ವಯರು ಕಾಯಿಲಿನಿಂದ ಪಾಯಿಂಟಿಗೆ ಬರುವ ಟರ್ಮಿನಲಿಗೆ, ಇನ್ನೊಂದು ಎಂಜಿನಿನ ಬಾಡಿಗೆ. ಇಗ್ನಿಷನ್ ಆನ್ ಇದ್ದು ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ತೆರೆದ ಗಳಿಗೆಯಲ್ಲೇ ಹತ್ತುತ್ತದೆ. ಕೆಲಸವಿಲ್ಲದಾಗ ಇಗ್ನಿಷನ್ ಆನ್ ಬಿಟ್ಟರೆ ಕಾಯಿಲ್ ಕಾಯುತ್ತದೆ.

ಬಂದ ಸ್ಥಿತಿಯಲ್ಲಿ ಬಲ್ಬ್ ಹತ್ತಿದ್ದು 0.3 ಮಿ.ಮೀ. ಬಾಕಿ ಇರುವಾಗ, ಅಂದರೆ ಸುಮಾರು 6 ಡಿಗ್ರಿ. ನಾಲ್ಕು ಡಿಗ್ರಿ ತಡ. ಮುಚ್ಚಿದ ಆಕ್ಸಿಲರೇಟರಿನಲ್ಲಿ ಮೊದಲೇ ನಿಧಾನ ಉರಿಯುವ ಮಿಶ್ರಣಕ್ಕೆ ಬೆಂಕಿಯೂ ತಡವಾಗಿ ಬಂದರೆ ಎಕ್ಸಾಸ್ಟ್ ವಾಲ್ವ್ ತೆರೆಯುವಾಗ ಇನ್ನೂ ಉರಿಯುತ್ತಲೇ ಇರುತ್ತದೆ. ಪೈಪಿನ ಆವಿಗೆ ಬೆಂಕಿ ಕೊಡುವುದು ಅದೇ. ತಡವಾದ ಟೈಮಿಂಗಿನ ಇನ್ನೊಂದು ಗುರುತು ಬೆಂಡ್ ಪೈಪು ಹೆಡ್ಡಿನ ಬುಡದಲ್ಲಿ ನೀಲಿಗಟ್ಟುವುದು, ಇಲ್ಲಿಯೂ ಅದು ಇತ್ತು.

ಕಾಲು ಸವೆದ ಪಾಯಿಂಟ್ ಬದಲಿಸಿ ಹೊಸದಕ್ಕೆ ಗ್ಯಾಪ್ 0.38 ಇಡಲಾಯಿತು. ಕ್ಯಾಮಿಗೆ ಗ್ರೀಸ್ ಅಕ್ಕಿಕಾಳಿನಷ್ಟು ಮಾತ್ರ, ಹೆಚ್ಚಾದರೆ ಎರಚಿ ಪಾಯಿಂಟಿನ ಮುಖಕ್ಕೆ ಬಿದ್ದು ಕಿಡಿ ತಪ್ಪುತ್ತದೆ. ಹೊಸ ಪಾಯಿಂಟಿನ ಮುಖಕ್ಕೆ ಹಚ್ಚಿರುವ ಎಣ್ಣೆಯನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಆಮೇಲೆ ಪ್ಲೇಟಿನ ಎರಡು ಸ್ಕ್ರೂ ಸಡಿಲಿಸಿ, ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕಿಡಿ ಮುಂದೆ ಬರುತ್ತದೆ. 0.8ರಲ್ಲಿ ಬಲ್ಬ್ ಹತ್ತುವಲ್ಲಿ ಸ್ಕ್ರೂ ಬಿಗಿದು, ಎಂಜಿನನ್ನು ಎರಡು ಸುತ್ತು ತಿರುಗಿಸಿ ಮತ್ತೆ ಅಳೆಯಬೇಕು, ಬಿಗಿಯುವಾಗ ಪ್ಲೇಟ್ ಸರಿಯುವುದು ಸಾಮಾನ್ಯ. ಇನ್ನೂ ಚುರುಕಾಗಲಿ ಎಂದು 0.8ಕ್ಕಿಂತ ಮುಂದೆ ತಂದರೆ ಪಟಾಕಿ ಕಡಿಮೆಯಾದಂತೆ ಕಂಡೀತು, ಆದರೆ ಕಿಕ್ ಹೊಡೆಯುವಾಗ ಕಾಲಿಗೆ ತಿರುಗಿ ಬಡಿಯುತ್ತದೆ, ಏರು ಹತ್ತುವಾಗ ಎಂಜಿನ್ ಕಟಕಟ ಎನ್ನುತ್ತದೆ.

ಪಾಯಿಂಟಿನ ಅಡಿಯ ಆಟೋ ಅಡ್ವಾನ್ಸ್ ಯೂನಿಟ್ ಅನ್ನು ಬಿಟ್ಟುಬಿಡುವವರು ಹೆಚ್ಚು. ವೇಗ ಏರಿದಂತೆ ಅದರ ಎರಡು ತೂಕಗಳು ಅಗಲಿ ಕಿಡಿಯನ್ನು ಇನ್ನೂ ಮುಂದೆ ತರುತ್ತವೆ. ಇಲ್ಲಿ ಪಿನ್ನುಗಳಿಗೆ ತುಕ್ಕು ಹಿಡಿದು ತೂಕಗಳು ಅರ್ಧಕ್ಕೆ ನಿಲ್ಲುತ್ತಿದ್ದವು. ಕ್ಯಾಮನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಪಟ್ಟನೆ ತಾನಾಗಿ ಹಿಂದಕ್ಕೆ ಬರಬೇಕು, ಇದು ತೆವಳಿಕೊಂಡು ಬಂತು. ಐಡ್ಲಿಂಗಿನಲ್ಲಿ ಎಷ್ಟು ಕರಾರುವಾಕ್ಕಾಗಿ ಟೈಮಿಂಗ್ ಇಟ್ಟರೂ ಈ ಯೂನಿಟ್ ಸಿಕ್ಕಿಕೊಂಡರೆ 45 ಕಿ.ಮೀ. ವೇಗದಲ್ಲಿ ಕಿಡಿ ತಡವೇ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪಿನ್ನು ಉಜ್ಜಿ, ತೆಳು ಎಣ್ಣೆ ಒಂದೊಂದು ಹನಿ ಹಾಕಿದ ಮೇಲೆ ಸರಿಯಾಗಿ ಆಡಿತು. ಈ ಕೆಲಸ ನಿಜಕ್ಕೂ ಟೈಮಿಂಗ್ ಇಡುವ ಮೊದಲೇ ಆಗಬೇಕು, ಏಕೆಂದರೆ ಅರ್ಧಕ್ಕೆ ಸಿಕ್ಕಿಕೊಂಡ ಯೂನಿಟ್ಟಿನ ಮೇಲೆ ಇಟ್ಟ ಟೈಮಿಂಗ್ ಸುಳ್ಳು. ಹಾಗಾಗಿ ಇಲ್ಲಿ ಬಲ್ಬ್ ಹಿಡಿದು ಇನ್ನೊಮ್ಮೆ ಅಳೆದು ಸ್ವಲ್ಪ ತಿದ್ದಲಾಯಿತು.

ಹಳೆಯ ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಬ್ಬಿ ಎದ್ದಿತ್ತು. ಅದು ಕಂಡೆನ್ಸರ್ ಸೊರಗಿದ ಗುರುತು. ಕಂಡೆನ್ಸರ್ ಬದಲಾಯಿತು. ಢಬ್ ಎಂಬ ದೊಡ್ಡ ಸದ್ದು ಆ ದಿನದಿಂದ ನಿಂತಿತು.

ಟ್ಯಾಪೆಟ್ಟನ್ನೂ ಇದೇ ಹೊತ್ತಿಗೆ ನೋಡಬೇಕು. ಎಂಜಿನ್ ತಣ್ಣಗಿರುವಾಗ, ಕಂಪ್ರೆಷನ್ನಿನ ಮೇಲ್ತುದಿಯಲ್ಲಿ, ಪುಶ್ ರಾಡ್ ಎರಡು ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರದು. ಎಕ್ಸಾಸ್ಟ್ ಟ್ಯಾಪೆಟ್ ಬಿಗಿಯಾಗಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರದೆ ಉರಿ ಪೈಪಿಗೆ ಸೋರುತ್ತದೆ. ಇಲ್ಲಿ ಸರಿಯಿತ್ತು.

ಎಣಿಕೆ ಮೂರು.

ಕೊನೆಗೆ ಕಾರ್ಬುರೇಟರ್

ಮೊದಲು ಹಳೆಯ 25ರ ಪೈಲಟ್ ಜೆಟ್ ಮರಳಿ ಹಾಕಿ ನೋಡಲಾಯಿತು. ಈ ಕಾರ್ಬುರೇಟರಿನಲ್ಲಿ ಇರುವುದು ಏರ್ ಸ್ಕ್ರೂ, ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ದಪ್ಪ, ಹೊರಗೆ ತಿರುಗಿಸಿದರೆ ತೆಳು. ಬೇರೆ ಗಾಡಿಗಳಲ್ಲಿ ಎಂಜಿನ್ ಕಡೆಗೆ ಇರುವ ಪೆಟ್ರೋಲ್ ಸ್ಕ್ರೂ ಇದಕ್ಕೆ ತದ್ವಿರುದ್ಧ, ಎರಡನ್ನು ಒಂದೇ ಎಂದು ತಿಳಿಯಬಾರದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಕ್ರೂ ಒಂದೂವರೆ ಸುತ್ತು ಹೊರಗಿನಿಂದ ಆರಂಭಿಸಿ, ಐಡ್ಲಿಂಗ್ ಅತಿ ಹೆಚ್ಚು ಮತ್ತು ಅತಿ ಸಮ ಇರುವ ಜಾಗ ಹುಡುಕಬೇಕು. ಒಮ್ಮೆಗೆ ಕಾಲು ಸುತ್ತು, ಪ್ರತಿ ಸಲ ಎಂಜಿನ್ ನೆಲೆಗೊಳ್ಳಲು ಹತ್ತು ಸೆಕೆಂಡು.

25ರಲ್ಲಿ ಆ ಜಾಗ ಅರ್ಧ ಸುತ್ತಿನಲ್ಲೇ ಸಿಕ್ಕಿತು. ಮುಕ್ಕಾಲು ಸುತ್ತಿಗಿಂತ ಒಳಗೆ ಸಿಕ್ಕರೆ ಜೆಟ್ ಸಣ್ಣದು, ಎರಡೂವರೆಗಿಂತ ಹೊರಗೆ ಸಿಕ್ಕರೆ ದೊಡ್ಡದು ಎಂದು ಲೆಕ್ಕ. ಹಿಂದೆ ಸರಿಯಾಗಿದ್ದ 25 ಈಗ ಸಣ್ಣದಾದುದಕ್ಕೆ ಕಾರಣ ಪೆಟ್ರೋಲಿನಲ್ಲೇ ಇದೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಶೇ. 20 ಎಥನಾಲ್ ಸೇರಿದ ಈಗಿನ ಪೆಟ್ರೋಲಿಗೆ ಸುಮಾರು 13.5 ಸಾಕು. ಕಾರ್ಬುರೇಟರಿಗೆ ಇದು ತಿಳಿಯದು, ಅದು ಹಳೆಯ ಅಳತೆಯಲ್ಲೇ ಗಾಳಿ ಬೆರೆಸುತ್ತದೆ, ಮಿಶ್ರಣ ಶೇ. 8ರ ಆಸುಪಾಸು ತೆಳುವಾಗುತ್ತದೆ. ದೊಡ್ಡ ಜೆಟ್ ಹಾಕಿದವರ ಊಹೆ ಅಷ್ಟರ ಮಟ್ಟಿಗೆ ತಪ್ಪಲ್ಲ, ತಪ್ಪಿದ್ದು ಅಳತೆ ಮತ್ತು ಕ್ರಮ.

27.5ರ ಜೆಟ್ ಹಾಕಿದಾಗ ಸರಿಯಾದ ಜಾಗ ಒಂದೂಕಾಲು ಸುತ್ತಿನಲ್ಲಿ ಸಿಕ್ಕಿತು. ಸೂಜಿಯ ಕ್ಲಿಪ್, ಮೇನ್ ಜೆಟ್ ಮುಟ್ಟಲಿಲ್ಲ. ಆಕ್ಸಿಲರೇಟರ್ ಮುಚ್ಚಿದಾಗ ಅವುಗಳಿಗೆ ಕೆಲಸವೇ ಇಲ್ಲ, ಮುಚ್ಚಿದಾಗಿನ ಪಟಾಕಿಗೆ ಮೇನ್ ಜೆಟ್ ಬದಲಿಸುವುದು ಹಣ ದಂಡ.

ಇಳಿಜಾರಿನಲ್ಲಿ ಬಿಸಿ ಎಂಜಿನಿನಿಂದ ಎಣಿಕೆ ಸೊನ್ನೆ. ಬೆಳಿಗ್ಗೆ ತಣ್ಣಗಿರುವಾಗ ಮೊದಲ ಒಂದೆರಡು ಕಿಲೋಮೀಟರಿನಲ್ಲಿ ಮೆತ್ತಗೆ ಒಂದೋ ಎರಡೋ ಪಟ್ ಎನ್ನುತ್ತದೆ. ಅದನ್ನೂ ತೆಗೆಯಬೇಕೆಂದು ಮಿಶ್ರಣ ದಪ್ಪ ಮಾಡಿದರೆ ಮತ್ತೆ ಪ್ಲಗ್ ಕಪ್ಪಾಗುತ್ತದೆ, ಹಾಗಾಗಿ ಬಿಡಲಾಯಿತು.

ಹೊಸ ಕಾಲದ ಗಾಡಿಗಳಿಗೆ ಈ ಕ್ರಮ ಪೂರ್ತಿ ಹೊಂದದು. ಅವುಗಳಲ್ಲಿ ಟೈಮಿಂಗ್ ತಿರುಗಿಸುವ ಪ್ಲೇಟ್ ಇಲ್ಲ. ಹೊಗೆ ಶುದ್ಧವಾಗಲೆಂದು ಕಂಪೆನಿಯವರೇ ಎಕ್ಸಾಸ್ಟಿಗೆ ಗಾಳಿ ಬಿಡುವ ವಾಲ್ವ್ ಅನೇಕ ಗಾಡಿಗಳಲ್ಲಿದೆ, ಆಕ್ಸಿಲರೇಟರ್ ಬಿಟ್ಟಾಗ ಅದು ಮುಚ್ಚಬೇಕು. ಒಳಗಿನ ಡಯಾಫ್ರಾಮ್ ಹರಿದರೆ ಅಥವಾ ಅದರ ವ್ಯಾಕ್ಯೂಮ್ ಪೈಪು ಬಿರಿದರೆ ಮುಚ್ಚುವುದಿಲ್ಲ, ಸದ್ದು ಶುರು. ವಾಲ್ವಿನಿಂದ ಎಕ್ಸಾಸ್ಟಿಗೆ ಹೋಗುವ ಗಾಳಿಯ ಪೈಪನ್ನು ಪರೀಕ್ಷೆಗೆ ಮಾತ್ರ ಒಮ್ಮೆ ಒತ್ತಿ ಮುಚ್ಚಿ ಓಡಿಸಿ ನೋಡಿದರೆ ತಿಳಿಯುತ್ತದೆ. ಸದ್ದು ನಿಂತರೆ ವಾಲ್ವ್ ಬದಲಿಸಬೇಕು, ನಿಲ್ಲದಿದ್ದರೆ ಸೋಪುನೀರಿನ ಪರೀಕ್ಷೆಗೆ ಮರಳಬೇಕು.

ಮಲ್ಪೆಯ ಗಾಡಿಯಲ್ಲಿ 300 ಕಿ.ಮೀ. ಓಡಿದ ಮೇಲೆ ಕ್ಲ್ಯಾಂಪ್ ಕಾಲು ಸುತ್ತು ಬಿಗಿ ಹಿಡಿಯಿತು, ಹೆಡ್ಡಿನ ಬಾಯಲ್ಲಿ ಹೊಸ ಮಸಿ ಇರಲಿಲ್ಲ. ಹೊಸ ಪಾಯಿಂಟಿನ ಕಾಲು ಕೂರುವಾಗ ಗ್ಯಾಪ್ 0.38ರಿಂದ 0.36ಕ್ಕೆ ಇಳಿದಿತ್ತು, ಅದು ಮಿತಿಯೊಳಗೆ. ಪ್ಲಗ್ ತೆಳು ಚಹಾದ ಬಣ್ಣಕ್ಕೆ ಬಂದಿದೆ. ಮಳೆಗಾಲ ಮುಗಿದ ಕೂಡಲೇ ಆಟೋ ಅಡ್ವಾನ್ಸ್ ಪಿನ್ನುಗಳಿಗೆ ಮತ್ತೆ ಎಣ್ಣೆ ಹಾಕಿ ಗ್ಯಾಪ್ ಅಳೆಯಬೇಕು.